ಮೂರು ತೂತಿನ ಬಾಟಲಿ ಮತ್ತು ಮಂಜನ ಇಟ್ಟಿಗೆ

ಪ್ರಶ್ನೆ ಇಷ್ಟೇ. ಎತ್ತರದ ಒಂದು ಪಾತ್ರೆ ತುಂಬ ನೀರಿದೆ, ಅದರ ಗೋಡೇಲಿ ಮೇಲಿಂದ ಕೆಳಗೆ ಸಮ ಅಂತರದಲ್ಲಿ ಮೂರು ತೂತು, ಯಾವ ತೂತಿಂದ ಚಿಮ್ಮಿದ ನೀರು ಅತಿ ದೂರ ಹೋಗಿ ಬೀಳತ್ತೆ? ಆಪ್ಷನ್ ಎ ಮೇಲಿನದು, ಬಿ ನಡುವಿನದು, ಸಿ ಕೆಳಗಿನದು, ಡಿ ಮೂರೂ ಒಂದೇ ದೂರ. ಮೈಸೂರಲ್ಲಿ ಬಿಎಸ್ಸಿ ಓದ್ತಿದ್ದಾಗ ಫೆಬ್ರವರಿ 28ರ ಸೈನ್ಸ್ ಡೇಗೆ ಡಿಪಾರ್ಟ್‌ಮೆಂಟಲ್ಲಿ ಕ್ವಿಜ್ ಇತ್ತು, ನಾನೊಂದು ಟೀಮು, ನನ್ನ ರೂಮ್‌ಮೇಟ್ ಮಂಜ ಎದುರು ಟೀಮು. ನಾನು ಬಿ ಅಂದೆ, ಅವನು ಸಿ ಅಂದ, ಕ್ವಿಜ್ ನಡೆಸ್ತಿದ್ದ ಸರ್ ಕೈಲಿದ್ದ ಹಾಳೆ ನೋಡಿ ಸಿ ಕರೆಕ್ಟ್ ಅಂದ್ರು, ಅವರ ಟೀಮ್ ಆ ಎರಡು ಮಾರ್ಕಲ್ಲೇ ಗೆದ್ದುಬಿಡ್ತು.

ನಾನು ಅಲ್ಲೇ ಎದ್ದು ನಿಂತೆ, ಆದ್ರೆ ಎದುರುಗಡೆ ಸಮೋಸ ಕಾಯ್ತಿದ್ದ ನೂರು ಜನ ಇದ್ರು, ಫಿಸಿಕ್ಸ್ ಯಾರಿಗೆ ಬೇಕು. ಹಾಗಾಗಿ ಜಗಳ ಹಾಸ್ಟೆಲ್ಲಿಗೆ ಬಂತು.

ಮಂಜನ ವಾದ ಗಟ್ಟಿಯಾಗೇ ಇತ್ತು, ಅದನ್ನ ಒಪ್ಪಬೇಕು. "ಆಳ ಹೆಚ್ಚಾದಷ್ಟೂ ಒತ್ತಡ ಹೆಚ್ಚು, ಇದು ಹೈಸ್ಕೂಲ್ ಹುಡುಗರಿಗೂ ಗೊತ್ತು ಕಣೋ. ಒತ್ತಡ ಹೆಚ್ಚಿದ್ರೆ ನೀರು ಜೋರಾಗಿ ಚಿಮ್ಮತ್ತೆ, ಜೋರಾಗಿ ಚಿಮ್ಮಿದ್ರೆ ದೂರ ಹೋಗತ್ತೆ. ಪುಸ್ತಕದಲ್ಲಿ ಚಿತ್ರಾನೇ ಇದೆ ನೋಡಿಲ್ವಾ, ಮೂರು ಬಳುಕಿದ ಗೆರೆ, ಕೆಳಗಿಂದು ಎಲ್ಲಕ್ಕಿಂತ ಉದ್ದ." ಚಿತ್ರ ಇರೋದು ನಿಜ. ದ್ರವದ ಒತ್ತಡದ ಪಾಠ ಬಂದ್ರೆ ಸಾಕು, ಎಷ್ಟೋ ಪುಸ್ತಕಗಳಲ್ಲಿ ಆ ಚಿತ್ರ ಹಾಜರ್.

ನಾನಂದೆ, "ಮಗಾ, ಜೋರು ಅನ್ನೋದೇ ಬೇರೆ, ದೂರ ಅನ್ನೋದೇ ಬೇರೆ. ಕೆಳಗಿನ ತೂತಿಂದ ನೀರು ಜೋರಾಗೇ ಬರತ್ತೆ, ಇಲ್ಲ ಅಂದವರು ಯಾರು? ಆದ್ರೆ ಅದು ಹೊರಗೆ ಬಂದ ತಕ್ಷಣ ನೆಲ ಸಿಕ್ಬಿಡತ್ತೆ, ಗಾಳೀಲಿ ಇರೋಕೆ ಅದಕ್ಕೆ ಟೈಮೇ ಇಲ್ಲ. ಮೇಲಿನದಕ್ಕೆ ಟೈಮಿದೆ, ಜೋರಿಲ್ಲ. ನಡುವಿನದಕ್ಕೆ ಎರಡೂ ಅಷ್ಟಷ್ಟು ಇದೆ."

"ಅಷ್ಟಷ್ಟು ಅಂದ್ರೆ ಎಷ್ಟು? ಲೆಕ್ಕ ತೋರ್ಸು."

ಮೆಸ್ ಬಿಲ್ಲಿನ ಹಿಂದೆ ಲೆಕ್ಕ ಶುರುವಾಯ್ತು. ನೀರಿನ ಎತ್ತರ 24 ಸೆಂಟಿಮೀಟರ್ ಅಂತ ಇಟ್ಕೊಂಡ್ವಿ, ತೂತುಗಳು ನೀರಿನ ಮಟ್ಟದಿಂದ 6, 12, 18 ಸೆಂಟಿಮೀಟರ್ ಕೆಳಗೆ. ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲೇ ಹೇಳಿಟ್ಟಿದ್ದಾನೆ, ತೂತಿಂದ ಹೊರಬರೋ ನೀರಿನ ವೇಗ ಎಷ್ಟು ಅಂದ್ರೆ, ನೀರಿನ ಮೇಲ್ಮಟ್ಟದಿಂದ ಆ ತೂತಿನ ತನಕ ಒಂದು ಕಲ್ಲು ಬಿದ್ದಿದ್ರೆ ಅದಕ್ಕೆ ಎಷ್ಟು ವೇಗ ಬರ್ತಿತ್ತೋ ಅಷ್ಟು. ಆ ಲೆಕ್ಕದಲ್ಲಿ ಮೇಲಿನ ತೂತಿನ ನೀರು ಸೆಕೆಂಡಿಗೆ ಸುಮಾರು 1.08 ಮೀಟರ್, ನಡುವಿಂದು 1.53, ಕೆಳಗಿಂದು 1.88. ಇಲ್ಲಿವರೆಗೆ ಮಂಜ ಮೀಸೆ ತಿರುವ್ತಾ ಇದ್ದ, ಇರೋ ನಾಕು ಕೂದಲನ್ನೇ.

ಆಮೇಲೆ ಬೀಳೋ ಟೈಮು. ನೀರು ಅಡ್ಡಡ್ಡ ಹೊರಗೆ ಬರತ್ತೆ, ಹಾಗಾಗಿ ಕೆಳಗೆ ಬೀಳೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನ ತೂತು ನೆಲದಿಂದ ಎಷ್ಟು ಎತ್ತರ ಇದೆ ಅನ್ನೋದಷ್ಟೇ ತೀರ್ಮಾನ ಮಾಡತ್ತೆ, ಅದರ ಜೋರಿಗೂ ಇದಕ್ಕೂ ಸಂಬಂಧ ಇಲ್ಲ. ಮೇಲಿನ ತೂತು ನೆಲದಿಂದ 18 ಸೆಂಟಿಮೀಟರ್ ಮೇಲಿದೆ, 0.19 ಸೆಕೆಂಡ್. ನಡುವಿಂದು 0.156. ಕೆಳಗಿಂದು ಬರೀ 0.11. ಗುಣಿಸಿ ನೋಡಿದ್ರೆ ನಡುವಿಂದು 24 ಸೆಂಟಿಮೀಟರ್ ದೂರ ಹೋಗತ್ತೆ, ಮೇಲಿಂದು 20.8, ಕೆಳಗಿಂದೂ 20.8!

ಆ ಎರಡು 20.8 ನೋಡಿ ಮಂಜ ನಾನು ಅಂಕಿ ಕದ್ದೆ ಅಂದ. ಕದಿಯೋದೇನೂ ಇಲ್ಲ, ಸೂತ್ರ ಬರೆದ್ರೆ ಕಣ್ಣಿಗೇ ಕಾಣತ್ತೆ: R = 2√(h(H−h)). ಇಲ್ಲಿ R ನೀರು ಹೋಗಿ ಬೀಳೋ ದೂರ, H ನೀರಿನ ಪೂರ್ತಿ ಎತ್ತರ, h ತೂತಿನ ಆಳ. ಗುರುತ್ವದ g ಅನ್ನೋದು ವೇಗದ ಲೆಕ್ಕದಲ್ಲಿ ಮೇಲೆ, ಟೈಮಿನ ಲೆಕ್ಕದಲ್ಲಿ ಕೆಳಗೆ ಬಂದು ಹೊಡೆದುಹೋಗತ್ತೆ, ಹಾಗಾಗಿ ಚಂದ್ರನ ಮೇಲೆ ಮಾಡಿದ್ರೂ ಇದೇ ದೂರ (ಅಲ್ಲಿ ನೀರು ನೀರಾಗೇ ಉಳಿಯೋ ಹಾಗಿದ್ರೆ). 6ನ್ನ 18ರಿಂದ ಗುಣಿಸಿದ್ರೂ 18ನ್ನ 6ರಿಂದ ಗುಣಿಸಿದ್ರೂ 108 ತಾನೆ. ಮೇಲಿನ ತೂತು ಮೇಲ್ಮಟ್ಟದಿಂದ ಎಷ್ಟು ದೂರವೋ ಕೆಳಗಿನದು ನೆಲದಿಂದ ಅಷ್ಟೇ ದೂರ ಇದ್ರೆ ಎರಡೂ ಒಂದೇ ಜಾಗಕ್ಕೆ ಬೀಳ್ತವೆ.

"ಪೇಪರ್ ಮೇಲೆ ಎಲ್ಲಾ ಬೀಳತ್ತೆ," ಅಂದ ಮಂಜ. "ನೀರು ಸುರಿದು ತೋರ್ಸು, ಭಾನುವಾರ ಮಸಾಲೆ ದೋಸೆ ನಂದು."

ಸರಿ, ಬಾಟಲಿ ಹುಡುಕೋ ಕೆಲಸ. ಕುಡಿಯೋ ನೀರಿನ ಬಾಟಲಿ ಬೇಡ, ಅದರ ಮೈ ತುಂಬಾ ಏಣು ಇರತ್ತೆ, ಏಣಿನ ಇಳಿಜಾರಲ್ಲಿ ತೂತು ಬಿದ್ರೆ ನೀರು ಮೇಲಕ್ಕೋ ಕೆಳಕ್ಕೋ ಓರೆಯಾಗಿ ಬರತ್ತೆ. ನುಣುಪು ಮೈಯ ಎರಡು ಲೀಟರ್ ಕೂಲ್ ಡ್ರಿಂಕ್ ಬಾಟಲಿ ಪಕ್ಕದ ರೂಮಿನವರ ಮಂಚದ ಕೆಳಗೆ ಸಿಕ್ತು. ಮಂಜ ದಬ್ಬಣ ಕ್ಯಾಂಡಲ್‌ಗೆ ಹಿಡಿದು ಕಾಯಿಸಿ ಚುಯ್ ಅಂತ ಮೂರು ತೂತು ಹಾಕಿದ, ನೇರವಾಗಿ ಒಂದರ ಕೆಳಗೊಂದು, ಚಿತ್ರದಲ್ಲಿ ಇದ್ದ ಹಾಗೇ. ಟೆರೇಸಿಗೆ ಹೋಗಿ ನೀರು ತುಂಬಿದ್ವಿ.

ಏನೂ ಸರಿಯಾಗಲಿಲ್ಲ. ಮೊದಲನೇದಾಗಿ ಕಾದ ದಬ್ಬಣ ಪ್ಲಾಸ್ಟಿಕ್ಕನ್ನ ಕರಗಿಸಿ ತೂತಿನ ಸುತ್ತ ಒಂದು ಗಂಟು ಮಾಡಿಟ್ಟಿತ್ತು, ನೀರು ಆ ಗಂಟಿಗೆ ಅಂಟಿಕೊಂಡು ಎಡಕ್ಕೆ ಓಡ್ತು. ಎರಡನೇದು ಇನ್ನೂ ಮಜಾ. ತೂತುಗಳು ಒಂದೇ ಸಾಲಲ್ಲಿದ್ರೆ ಮೂರೂ ಧಾರೆ ಒಂದಕ್ಕೊಂದು ಡಿಕ್ಕಿ ಹೊಡೀತವೆ, ಯಾಕಂದ್ರೆ ಮೇಲಿನ ಧಾರೆ ಬಾಗಿ ಕೆಳಗೆ ಬರುವಾಗ ಕೆಳಗಿನವು ಅಡ್ಡ ಹೋಗ್ತಾ ಇರ್ತವೆ. ಡಿಕ್ಕಿ ಆದ್ಮೇಲೆ ಯಾವುದು ಯಾರ ನೀರು ಅಂತ ದೇವರಿಗೇ ಗೊತ್ತು. ಪುಸ್ತಕದ ಚಿತ್ರದಲ್ಲಿ ಗೆರೆಗಳು ಒಂದನ್ನೊಂದು ದಾಟಿದ್ರೂ ಏನೂ ಆಗದ ಹಾಗೆ ತಮ್ಮ ಪಾಡಿಗೆ ಮುಂದೆ ಹೋಗ್ತವೆ, ನೀಟಾಗಿ. ನಿಜವಾದ ನೀರು ಡಿಕ್ಕಿ ಹೊಡೆಯತ್ತೆ. ಆ ಚಿತ್ರ ಬರೆದವರು ಬಾಟಲಿ ನೋಡಿ ಬರೆದಿಲ್ಲ ಅನ್ನೋ ಅನುಮಾನ ನನಗೆ ಬಂದಿದ್ದು ಅಲ್ಲೇ.

ಎರಡನೇ ಬಾಟಲಿಗೆ ಬುದ್ಧಿ ಬಂದಿತ್ತು. ಲ್ಯಾಬ್ ಅಟೆಂಡರ್ ಅಣ್ಣನ ಹತ್ರ ಕಾಡಿ ಬೇಡಿ ಸಣ್ಣ ಹ್ಯಾಂಡ್ ಡ್ರಿಲ್ ತಂದ್ವಿ, ಮೂರು ಮಿಲಿಮೀಟರ್ ಬಿಟ್ ಹಾಕಿ ಕೊರೆದ್ವಿ, ಅಂಚನ್ನ ಬ್ಲೇಡಲ್ಲಿ ಕೆರೆದ್ವಿ. ತೂತುಗಳನ್ನ ಮೆಟ್ಟಿಲು ಥರ ಒಂದಿಷ್ಟು ಪಕ್ಕಪಕ್ಕಕ್ಕೆ ಸರಿಸಿದ್ವಿ, ಧಾರೆಗಳು ಒಂದಕ್ಕೊಂದು ತಾಗಬಾರದು ಅಂತ. ಬಾಟಲಿ ದುಂಡಗಿರೋದ್ರಿಂದ ಮೂರೂ ಬೇರೆಬೇರೆ ದಿಕ್ಕಿಗೆ ಹೋಗ್ತವೆ, ಪರವಾಗಿಲ್ಲ, ದೂರ ಅಳೆಯೋದು ಆಯಾ ತೂತಿನ ಬುಡದಿಂದ ತಾನೆ. ತೂತಿನ ಸೈಜ್ ಒಂಚೂರು ಹೆಚ್ಚುಕಮ್ಮಿ ಆದ್ರೂ ದೂರ ಬದಲಾಗಲ್ಲ, ನೀರಿನ ಪ್ರಮಾಣ ಬದಲಾಗತ್ತೆ ಅಷ್ಟೇ. ಆದ್ರೆ ಮುಚ್ಚಳ ಮಾತ್ರ ತೆಗೆದಿರಬೇಕು. ಹಾಕಿಬಿಟ್ರೆ ಮೇಲೆ ಗಾಳಿ ಬರೋಕೆ ದಾರಿ ಇರಲ್ಲ, ಧಾರೆ ಸೊರಗತ್ತೆ, ಮೇಲಿನ ತೂತಿಂದ ನೀರು ಬರೋ ಬದಲು ಗಾಳಿ ಒಳಗೆ ಗುಳುಗುಳು ಹೋಗೋಕೆ ಶುರುವಾಗತ್ತೆ.

ಟೆರೇಸ್ ನೆಲ ನೀರು ಹರಿದುಹೋಗಲಿ ಅಂತ ಇಳಿಜಾರು ಕೊಟ್ಟಿರ್ತಾರೆ, ಇಳಿಜಾರಿನ ಕಡೆ ಬಿಟ್ಟ ಧಾರೆ ಸುಮ್ಮನೆ ಮುಂದಕ್ಕೆ ಹೋಗತ್ತೆ. ಅದಕ್ಕೇ ಬಾತ್‌ರೂಮ್ ಹೊರಗಿನ ಮಟ್ಟಸವಾದ ಕಾರಿಡಾರಲ್ಲಿ ಬಾಟಲಿ ಇಟ್ವಿ, ನೆಲದ ಮೇಲೆ ನ್ಯೂಸ್‌ಪೇಪರ್ ಹಾಸಿದ್ವಿ, ಧಾರೆ ಮೊದಲು ಬಡಿದ ಜಾಗ ಪೇಪರ್ ಮೇಲೆ ಚೆನ್ನಾಗಿ ಕಾಣತ್ತೆ. ನೀರು ತುಂಬಿ ಬೆರಳು ತೆಗೆದ್ವಿ.

"ನೋಡು ನಡುವಿಂದೇ ಮುಂದೆ," ಅಂತ ನಾನು ಕೂಗೋದಕ್ಕೂ, ಸ್ವಲ್ಪ ಹೊತ್ತು ಬಿಟ್ಟು "ಎಲ್ಲೋ ಮುಂದೆ? ಕೆಳಗಿಂದೇ ಮುಂದಿದೆ ಬಗ್ಗಿ ನೋಡೋ," ಅಂತ ಮಂಜ ಕೂಗೋದಕ್ಕೂ ಸರಿಹೋಯ್ತು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಅವನು ತೋರಿಸಿದಾಗ ನಿಜವಾಗಲೂ ಕೆಳಗಿನ ಧಾರೆಯೇ ಮುಂದಿತ್ತು. ಮತ್ತೆ ತುಂಬಿದ್ವಿ, ಮತ್ತೆ ಅದೇ ಕಥೆ, ಮೊದಲು ನಾನು ಗೆಲ್ತೀನಿ, ಆಮೇಲೆ ಅವನು ಗೆಲ್ತಾನೆ. ಅಷ್ಟೊತ್ತಿಗೆ ಕಾರಿಡಾರಲ್ಲಿ ಟವೆಲ್ ಸುತ್ಕೊಂಡ ಎಂಟು ಹತ್ತು ಜನ ಸೇರಿ ಎರಡು ಪಾರ್ಟಿ ಆಗಿದ್ರು.

ಬಿಡಿಸಿದ್ದು ಪಕ್ಕದ ರೂಮಿನ ಮ್ಯಾಥ್ಸ್ ಸೀನಿಯರ್ರು. ಹಲ್ಲುಜ್ಜುತ್ತಾನೇ ಕೇಳಿದ್ರು, "ನೀರು ಕಮ್ಮಿ ಆಗ್ತಾ ಇದೆಯಲ್ಲಪ್ಪ, ಅದನ್ನ ಯಾರು ನೋಡ್ತಾ ಇದೀರಾ?"

ಹೌದಲ್ಲ! H ಅನ್ನೋದೇ ಇಳೀತಾ ಇದೆ. ತೂತುಗಳು ಇದ್ದಲ್ಲೇ ಇರ್ತವೆ, ನೆಲದಿಂದ 18, 12, 6 ಸೆಂಟಿಮೀಟರಲ್ಲಿ, ಆದ್ರೆ ಅವುಗಳ ಆಳ ಕ್ಷಣಕ್ಷಣಕ್ಕೂ ಕಮ್ಮಿ ಆಗ್ತಿದೆ. ಕೂತು ಲೆಕ್ಕ ಹಾಕಿದ್ರೆ ನೀರು 18 ಸೆಂಟಿಮೀಟರಿಗೆ ಇಳಿದಾಗ, ಅಂದ್ರೆ ಸರಿಯಾಗಿ ಮೇಲಿನ ತೂತಿನ ಮಟ್ಟಕ್ಕೆ ಬಂದು ಅದು ನಿಂತುಹೋಗೋ ಹೊತ್ತಿಗೆ, ನಡುವಿನ ತೂತಿನ ಆಳ 6, ಕೆಳಗಿನದರ ಆಳ 12. ನಡುವಿನದಕ್ಕೆ 6 ಗುಣಿಸು 12, ಕೆಳಗಿನದಕ್ಕೆ 12 ಗುಣಿಸು 6, ಎರಡೂ ಸುಮಾರು 17 ಸೆಂಟಿಮೀಟರ್. ಅಲ್ಲಿಂದ ಕೆಳಗೆ ಪೂರ್ತಿ ಮಂಜನ ರಾಜ್ಯ. ತುಂಬಿಸದೇ ಸುಮ್ಮನೆ ನೋಡ್ತಾ ಕೂತ್ರೆ ಜಾಸ್ತಿ ಹೊತ್ತು ಕಾಣೋದು ಕೆಳಗಿನ ಧಾರೆ ಮುಂದಿರೋದೇ, ಯಾಕಂದ್ರೆ ನೀರು ಕಮ್ಮಿ ಆದಷ್ಟೂ ಇಳಿಯೋದು ನಿಧಾನ ಆಗತ್ತೆ. ಬಾಟಲಿ ಹಿಡಿದು ತೋರಿಸಿದ ಮೇಷ್ಟ್ರುಗಳಿಗೂ ಈ ಸಿ ಉತ್ತರ ಸರಿ ಅನ್ನಿಸಿರೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಆದ್ರೆ ಪ್ರಶ್ನೇಲಿ "ನೀರು ತುಂಬಿದ ಪಾತ್ರೆ" ಅಂತಿತ್ತು. ಹಾಗಾಗಿ ಮಾರ್ಕರಲ್ಲಿ 24ಕ್ಕೆ ಗೆರೆ ಎಳೆದು, ನಲ್ಲಿಗೆ ಪೈಪ್ ಸಿಕ್ಕಿಸಿ ಇನ್ನೊಂದು ತುದೀನ ಬಾಟಲಿ ಬಾಯಿಗೆ ಬಿಟ್ಟು, ಒಬ್ಬ ನಲ್ಲಿ ತಿರುಗಿಸ್ತಾ ಗೆರೆಗೆ ಸರಿಯಾಗಿ ಮಟ್ಟ ಹಿಡಿದ. ಮಗ್ಗಲ್ಲಿ ದಬದಬ ಸುರಿದ್ರೆ ನೀರು ಕುಲುಕಿ ಧಾರೆ ಹಿಂದೆ ಮುಂದೆ ಓಡಾಡತ್ತೆ, ಪೈಪೇ ವಾಸಿ. ಈಗ ಸ್ಟೀಲ್ ಸ್ಕೇಲ್ ಇಟ್ಟು ನಿಧಾನಕ್ಕೆ ಅಳೆದ್ವಿ. ನಡುವಿಂದು 23ರ ಆಸುಪಾಸು, ಮೇಲಿಂದೂ ಕೆಳಗಿಂದೂ 20ರ ಆಸುಪಾಸು, ಒಂದೇ ಸಾಲಲ್ಲಿ. ಲೆಕ್ಕಕ್ಕಿಂತ ಎಲ್ಲವೂ ಒಂಚೂರು ಕಮ್ಮಿ, ತೂತು ದಾಟುವಾಗ ಅಂಚಿಗೆ ಉಜ್ಜಿ ಸ್ವಲ್ಪ ವೇಗ ಹೋಗತ್ತೆ ಅದಕ್ಕೆ. ನನ್ನ ಪಾರ್ಟಿಯವರು ಟವೆಲ್ ಬೀಸಿದ್ರು.

ಮಂಜ ಏನೂ ಮಾತಾಡಲಿಲ್ಲ. ಕೆಳಗೆ ಹೋದ, ಹೊಸ ಕಾಂಪೌಂಡ್ ಕಟ್ತಿದ್ದ ಜಾಗದಿಂದ ಎರಡು ಇಟ್ಟಿಗೆ ತಂದ, ಒಂದನ್ನ ಮಲಗಿಸಿ ಅದರ ಮೇಲೆ ಬಾಟಲಿ ಇಟ್ಟ. "ಈಗ ಅಳಿ," ಅಂದ.

ಅಳೆದ್ವಿ. ನಡುವಿಂದೂ ಕೆಳಗಿಂದೂ ಒಂದೇ ಕಡೆ ಬೀಳ್ತಿದ್ವು, ಯಾವುದು ಮುಂದೆ ಅಂತ ಸ್ಕೇಲಿಗೂ ಗೊತ್ತಾಗಲಿಲ್ಲ. ಎರಡನೇ ಇಟ್ಟಿಗೆ ಇಟ್ಟ, ಕೆಳಗಿನ ಧಾರೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಮುಂದೆ. ಆಮೇಲೆ ಬಾಟಲೀನ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಇಟ್ಟ, ಅದು ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರತ್ತೆ, 80 ಸೆಂಟಿಮೀಟರ್ ಇರಬಹುದು. ಕೆಳಗಿನ ಧಾರೆ ಮುಕ್ಕಾಲು ಮೀಟರ್ ದೂರ ಹಾರಿ ನಿಂತವರ ಕಾಲು ತೊಳೀತು, ಮೇಲಿಂದು ಅರ್ಧ ಮೀಟರೂ ದಾಟಲಿಲ್ಲ, ನಡುವಿಂದು ಮಧ್ಯದಲ್ಲಿ. ಥೇಟ್ ಪುಸ್ತಕದ ಚಿತ್ರ! ಟವೆಲ್ಲುಗಳು ಪಾರ್ಟಿ ಬದಲಾಯಿಸಿದ್ವು.

ಕಾರಣ ಕಷ್ಟದ್ದಲ್ಲ. ಪಾತ್ರೆ ಎತ್ತರಕ್ಕೆ ಹೋದ್ರೆ ಮೂರೂ ಧಾರೆಗೂ ಬೀಳೋಕೆ ಟೈಮ್ ಸಿಗತ್ತೆ. ನೆಲದ ಮೇಲಿದ್ದಾಗ ಕೆಳಗಿನ ಧಾರೆಗೆ ಇದ್ದ ಒಂದೇ ತೊಂದರೆ ಅಂದ್ರೆ ಟೈಮಿಲ್ಲದ್ದು, ಅದು ತೀರಿತಲ್ಲ, ಈಗ ಅದರ ಜೋರು ಕೆಲಸಕ್ಕೆ ಬರತ್ತೆ. ಎಷ್ಟು ಎತ್ತಿದ್ರೆ ಗೆಲುವು ಕೈ ಬದಲಾಗತ್ತೆ ಅಂತಾನೂ ಲೆಕ್ಕ ಹಾಕಿದ್ವಿ, ಈ ಸಲ ಇಬ್ಬರೂ ಸೇರಿ. D ಅಷ್ಟು ಎತ್ತಿದ್ರೆ ನಡುವಿನದರ ಗುಣಲಬ್ಧ 12 × (12 + D), ಕೆಳಗಿನದರದ್ದು 18 × (6 + D). ಎರಡೂ ಸಮ ಆಗೋದು D ಸರಿಯಾಗಿ 6 ಸೆಂಟಿಮೀಟರ್ ಆದಾಗ. ಆರೇ ಆರು! ಇಟ್ಟಿಗೆ ದಪ್ಪ ಏಳರ ಹತ್ರ ಇರತ್ತೆ, ಅದಕ್ಕೇ ಒಂದು ಇಟ್ಟಿಗೆ ಮೇಲೆ ಎರಡೂ ಕೂಡಿಕೊಂಡಂಗೆ ಕಂಡಿದ್ದು. ಪಾತ್ರೇನ ಅದರಲ್ಲಿರೋ ನೀರಿನ ಎತ್ತರಕ್ಕಿಂತ ಹೆಚ್ಚು ಮೇಲಕ್ಕೆ ಇಟ್ರಂತೂ ಮುಗೀತು, ತಳದ ಹತ್ರ ಎಷ್ಟು ಕೆಳಗೆ ತೂತು ಹಾಕಿದ್ರೆ ಅಷ್ಟು ಒಳ್ಳೇದು.

ಹಾಗಾದ್ರೆ ಪ್ರಶ್ನೆ ಚಿತ್ರದಲ್ಲಿ ಪಾತ್ರೆ ಎಲ್ಲಿತ್ತು? ರಾತ್ರಿ ಹನ್ನೊಂದರ ತನಕ ಇದೇ ಜಗಳ. ಪಾತ್ರೆ ಕೆಳಗೆ ಒಂದು ಅಡ್ಡಗೆರೆ ಇತ್ತು, ನಾನು ಅದು ನೆಲ ಅಂದೆ, ಮಂಜ ಅದು ಟೇಬಲ್ ಅಂದ.

"ಟೇಬಲ್ ಅಂದ್ರೆ ಕಾಲೆಲ್ಲೋ?"

"ನೆಲ ಅಂದ್ರೆ ಗೆರೆ ಅಷ್ಟು ಗಿಡ್ಡ ಯಾಕೋ? ನೀರು ಗೆರೆ ಆಚೆ ಹೋಗಿ ಬೀಳ್ತಿದೆ, ಭೂಮಿ ಅಲ್ಲಿಗೇ ಮುಗಿದುಹೋಗತ್ತಾ?"

ಇದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇರಲಿಲ್ಲ, ಆದ್ರೂ ಟೇಬಲ್ ಮೇಲೇ ಬೀಳೋ ಹಾಗಿದ್ರೆ ಟೇಬಲ್ಲೇ ನೆಲ ಅಂತ ಹಿಡ್ಕೊಂಡು ಎಳೆದಾಡಿದೆ. ವಾರ್ಡನ್ ಬಂದು ಲೈಟ್ ಆಫ್ ಮಾಡ್ಸಿ, ಕಾರಿಡಾರ್ ಯಾರು ಒದ್ದೆ ಮಾಡಿದ್ದು ಅಂತ ಕೇಳಿದಾಗ ಮಾತ್ರ ಇಬ್ಬರದ್ದೂ ಒಂದೇ ಉತ್ತರ ಬಂತು, ಗೊತ್ತಿಲ್ಲ ಸರ್.

ಮಾರನೇ ದಿನ ಬಾಟಲಿ, ಇಟ್ಟಿಗೆ, ಮೆಸ್ ಬಿಲ್ ಎಲ್ಲಾ ಹೊತ್ಕೊಂಡು ಸ್ಟಾಫ್ ರೂಮಿಗೆ ಹೋದ್ವಿ. ಸರ್ ಮೊದಲು ಉತ್ತರ ಪುಸ್ತಕದಲ್ಲಿದೆ ಅಂದ್ರು, ಆಮೇಲೆ ಸಿಂಕಲ್ಲಿ ಬಾಟಲಿ ಇಟ್ಟು ತೋರಿಸಿದ್ಮೇಲೆ ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. ಇಟ್ಟಿಗೆ ಅವರೇ ಇಟ್ರು, ತೆಗೆದ್ರು, ಮತ್ತೆ ಇಟ್ರು. ಕೊನೆಗೆ ಪ್ರಶ್ನೇನ ರದ್ದು ಮಾಡಿದ್ರು. ಮಂಜನ ಟೀಮಿನ ಎರಡು ಮಾರ್ಕ್ ಹೋಯ್ತು, ಸ್ಕೋರ್ ಸಮ ಆಯ್ತು, ಬಹುಮಾನದ ಎರಡು ಪುಸ್ತಕದಲ್ಲಿ ಒಂದು ನಮ್ಮ ಕಡೆ ಬಂತು. ದೋಸೆ ದುಡ್ಡು ಅರ್ಧ ಅರ್ಧ ಹಾಕಿದ್ವಿ, ಅದರಲ್ಲೂ ಕಾಫಿ ಯಾರದ್ದು ಅಂತ ಸ್ವಲ್ಪ ಮಾತು ಬಂತು.

ಸರ್ ಮುಂದಿನ ವರ್ಷಕ್ಕೆ ಬೇಕಾಗತ್ತೆ ಅಂತ ಪ್ರಶ್ನೇನ ತಿದ್ದಿ ಬರೀರಿ ಅಂದ್ರು. ನಾನು ಬರೆದೆ: "ಮಟ್ಟಸವಾದ ನೆಲದ ಮೇಲೆ ನೇರವಾಗಿ ಇಟ್ಟ ಪಾತ್ರೆಯಲ್ಲಿ ನೀರಿನ ಮಟ್ಟವನ್ನು ಸದಾ ತುಂಬಿರುವಂತೆ ಕಾಯ್ದುಕೊಳ್ಳಲಾಗಿದೆ. ನೀರಿನ ಎತ್ತರದ ಕಾಲು, ಅರ್ಧ, ಮುಕ್ಕಾಲು ಭಾಗದಲ್ಲಿ ಒಂದೊಂದು ತೂತು ಇದೆ. ಯಾವ ತೂತಿನ ನೀರು ಆ ನೆಲದ ಮೇಲೆ ಅತಿ ದೂರ ಬೀಳುತ್ತದೆ?" ಮಂಜ ಹಾಳೆ ಇಸ್ಕೊಂಡು ಎರಡು ಸಲ ಓದಿದ.

"ತೂತು ಅಡ್ಡಕ್ಕೆ ಕೊರೆದಿರಬೇಕು, ಓರೆಯಾಗಿ ಅಲ್ಲ, ಅಂತಾನೂ ಸೇರಿಸ್ಬೇಕು ಸರ್. ಆಮೇಲೆ ಮುಚ್ಚಳ ತೆಗೆದಿದೆ ಅಂತ."

ಸರ್ ಹಾಳೆ ಕಿತ್ಕೊಂಡು ಡ್ರಾಯರಿಗೆ ಹಾಕಿ, ಇಬ್ಬರೂ ಕ್ಲಾಸಿಗೆ ಹೋಗ್ರೋ ಅಂದ್ರು.